ಪ್ಯಾಲೆಟೈಸಿಂಗ್ ಸೆಲ್ ಬಾಗಿಲಿನ ಲೈಟ್ ಕರ್ಟನ್: 600 ಮಿ.ಮೀ ಸಾಕಾ, ಮ್ಯೂಟಿಂಗ್ ಸೆನ್ಸಾರ್ ಎಲ್ಲಿಡಬೇಕು?

ಪ್ರಶ್ನೆ: ಸರ್, ಹಾಸನದ ಹತ್ರ ಒಂದು ಕಾಫಿ ಕ್ಯೂರಿಂಗ್ ಯೂನಿಟ್‌ನಲ್ಲಿ ಮೇಂಟೆನೆನ್ಸ್ ನೋಡ್ಕೋತೀನಿ. 60 ಕೆಜಿ ಗೋಣಿ ಚೀಲ ಜೋಡಿಸೋ ರೋಬೋ ಸೆಲ್ ಹಾಕಿದೀವಿ. ಖಾಲಿ ಪ್ಯಾಲೆಟ್ ಅಟ್ಟಿ ಒಳಗೆ ಹೋಗೋ ಬಾಗಿಲಲ್ಲಿ ಮೂರು ಕಿರಣದ ಲೈಟ್ ಕರ್ಟನ್ ಇದೆ, ಅಲ್ಲಿಂದ ರೋಬೋ ಗ್ರಿಪ್ಪರ್ ಬರೋ ಜಾಗಕ್ಕೆ 600 ಮಿ.ಮೀ. ಬಾಗಿಲ ಅಗಲ 1300, ಪ್ಯಾಲೆಟ್ ಅಗಲ 1000 ಉದ್ದ 1200, ಕನ್ವೇಯರ್ ಸ್ಪೀಡ್ ಸೆಕೆಂಡಿಗೆ 200 ಮಿ.ಮೀ. ಪ್ಯಾಲೆಟ್ ಒಳಗೆ ಹೋಗೋವಾಗ ಕರ್ಟನ್ ಸ್ವಲ್ಪ ಹೊತ್ತು ಸುಮ್ನಿರೋ ಹಾಗೆ ಮಾಡೋ ಮ್ಯೂಟಿಂಗ್ ಸೆನ್ಸಾರ್ ಎರಡೂ ಹೊರಗಡೆ, ಒಂದರ ಪಕ್ಕ ಒಂದು, ನಡುವೆ 150 ಮಿ.ಮೀ. ಮೊನ್ನೆ ಲೋಡಿಂಗ್ ಹುಡುಗ ಸುಮ್ನೆ ಅಲ್ಲಿ ನಿಂತಿದ್ದಕ್ಕೇ ಮ್ಯೂಟಿಂಗ್ ಲ್ಯಾಂಪ್ ಹತ್ಕೊಂತು. ಹಾಕ್ಕೊಟ್ಟವರನ್ನ ಕೇಳಿದ್ರೆ "ರೋಬೋ ಅರ್ಧ ಸೆಕೆಂಡಲ್ಲಿ ನಿಲ್ಲತ್ತೆ, 600 ಸಾಕು" ಅಂತಾರೆ. ನಿಜವಾಗ್ಲೂ ಸಾಕಾ?

ಉತ್ತರ: ಸಾಕಾಗಲ್ಲ. ಅವರು ಹೇಳಿದ ಅರ್ಧ ಸೆಕೆಂಡನ್ನೇ ನಂಬಿ ಲೆಕ್ಕ ಹಾಕಿದ್ರೂ ಸಾಕಾಗಲ್ಲ. ಮ್ಯೂಟಿಂಗ್ ವಿಷಯ ಅದಕ್ಕಿಂತ ಅರ್ಜೆಂಟು, ಈ ಉತ್ತರ ಓದಿ ಮುಗಿಸೋ ಮುಂಚೆನೇ ಆ ಬಾಗಿಲ ಮ್ಯೂಟಿಂಗ್ ಆಫ್ ಮಾಡ್ಸಿ. ಅಟ್ಟಿ ಒಳಗೆ ಬಿಡಬೇಕಾದಾಗ ರೋಬೋ ನಿಲ್ಸಿ ಬಿಡಿ, ಪ್ರೊಡಕ್ಷನ್ ಸ್ವಲ್ಪ ನಿಧಾನ ಆಗತ್ತೆ, ಆಗ್ಲಿ.

ಮೊದ್ಲು ದೂರದ ಲೆಕ್ಕ ನೋಡೋಣ. ಐಎಸ್ಒ 13855 ಸ್ಟ್ಯಾಂಡರ್ಡ್‌ನ 2010ರ ಆವೃತ್ತಿಯಲ್ಲಿರೋ ಸೂತ್ರ ಇದು (2024ರಲ್ಲಿ ಹೊಸ ಆವೃತ್ತಿ ಬಂದಿದೆ, ಹೊಸದಾಗಿ ಸೆಲ್ ಹಾಕೋರು ಅದನ್ನ ಹಿಡೀಬೇಕು, ಆದ್ರೆ ಲೆಕ್ಕದ ಹಿಂದಿನ ಯೋಚನೆ ಅರ್ಥ ಆಗಕ್ಕೆ ಇದು ಸುಲಭ):

```
S = K × T + C
```

S ಅಂದ್ರೆ ಕರ್ಟನ್‌ನಿಂದ ಅಪಾಯದ ಜಾಗಕ್ಕೆ ಇರಲೇಬೇಕಾದ ಕನಿಷ್ಠ ದೂರ. K ಮನುಷ್ಯ ಬರೋ ವೇಗ, ನಡ್ಕೊಂಡು ಬರೋನಿಗೆ ಸೆಕೆಂಡಿಗೆ 1600 ಮಿ.ಮೀ. T ಅಂದ್ರೆ ಕಿರಣ ಕಟ್ ಆದ ಕ್ಷಣದಿಂದ ರೋಬೋ ಪೂರ್ತಿ ನಿಲ್ಲೋವರೆಗಿನ ಸಮಯ. C ಅಂದ್ರೆ ಕರ್ಟನ್ ನಿಮ್ಮನ್ನ ಗುರುತಿಸೋ ಮುಂಚೆನೇ ನಿಮ್ಮ ಕೈ ಎಷ್ಟು ಒಳಗೆ ಹೋಗಿರಬಹುದು ಅನ್ನೋದು. ನಿಮ್ಮದು ಮೂರೇ ಕಿರಣ ಇರೋದು, ಎರಡು ಕಿರಣದ ಮಧ್ಯೆ ಇಡೀ ತೋಳು ತೂರಿಸಬಹುದು, ಅದಕ್ಕೇ ಅಲ್ಲಿ C 850 ಮಿ.ಮೀ ಅಂತ ಸ್ಟ್ಯಾಂಡರ್ಡೇ ಫಿಕ್ಸ್ ಮಾಡಿದೆ. ಈ ಒಂದು ನಂಬರ್ ನೋಡಿದ್ರೇನೇ ಗೊತ್ತಾಗತ್ತೆ, ರೋಬೋ ಕಣ್ಣು ಮಿಟುಕಿಸೋದ್ರಲ್ಲಿ ನಿಂತ್ರೂ 600 ಮಿ.ಮೀ ಅನ್ನೋ ಉತ್ತರ ಬರಕ್ಕೆ ಸಾಧ್ಯನೇ ಇಲ್ಲ. ಅರ್ಧ ಸೆಕೆಂಡಿಗೆ 1600 × 0.5 + 850, ಅಂದ್ರೆ 1650 ಮಿ.ಮೀ.

ಆದ್ರೆ ಆ ಅರ್ಧ ಸೆಕೆಂಡೂ ಪೂರ್ತಿ T ಅಲ್ಲ. ಅದು ಬ್ರೋಷರ್‌ನಲ್ಲಿರೋ ಸಂಖ್ಯೆ ಇರಬಹುದು, ಯಾವ ಲೋಡಿಗೆ, ತೋಳು ಎಷ್ಟು ಚಾಚಿದಾಗ ಅಂತ ಕೇಳಿ ನೋಡಿ. ನೀವೇ ಅಳೀಬೇಕು: ಗ್ರಿಪ್ಪರ್‌ನಲ್ಲಿ ತುಂಬಿದ ಚೀಲ ಇರ್ಲಿ, ತೋಳು ಪೂರ್ತಿ ಚಾಚಿರ್ಲಿ, ಬೇಸ್ ಆಕ್ಸಿಸ್ ಫುಲ್ ಸ್ಪೀಡಲ್ಲಿ ಬಾಗಿಲ ಕಡೆಗೇ ತಿರುಗ್ತಿರ್ಲಿ, ಆವಾಗ ನಿಲ್ಲಿಸಿ ಸ್ಟಾಪಿಂಗ್ ಟೈಮ್ ಮೀಟರ್‌ನಿಂದ ಹತ್ತು ಸಲ ಅಳೆದು ಬಂದದ್ರಲ್ಲಿ ದೊಡ್ಡದನ್ನ ತಗೊಳ್ಳಿ, ಸರಾಸರಿ ತಗೋಬೇಡಿ. 650 ಮಿಲಿಸೆಕೆಂಡ್ ಬಂತು ಅಂತ ಇಟ್ಕೊಳ್ಳಿ. ಅದಕ್ಕೆ ಕರ್ಟನ್ ರೆಸ್ಪಾನ್ಸ್ ಟೈಮ್ 20, ಸೇಫ್ಟಿ ರಿಲೇದು 30 ಸೇರಿಸಿದ್ರೆ T 0.7 ಸೆಕೆಂಡ್. ಆಗ ಮೂರು ಕಿರಣದ ಕರ್ಟನ್‌ಗೆ 1120 + 850, ಒಟ್ಟು 1970 ಮಿ.ಮೀ ಬೇಕು. ನಿಮ್ಮಲ್ಲಿ ಇರೋದಕ್ಕಿಂತ ಮೂರು ಪಟ್ಟು ಜಾಸ್ತಿ.

ಎರಡು ಮೀಟರ್ ಜಾಗ ನಿಮ್ಮಲ್ಲಿ ಇರಲ್ಲ ಅನ್ಸತ್ತೆ. ಆಗ ಕರ್ಟನ್ನನ್ನೇ ಬದಲಾಯಿಸೋದು ಒಳ್ಳೇದು. 30 ಮಿ.ಮೀ ರೆಸಲ್ಯೂಷನ್ ಕರ್ಟನ್ ಆದ್ರೆ ಕೈ ಬಂದಾಗ್ಲೇ ಗೊತ್ತಾಗತ್ತೆ, ಅದರ C ಅನ್ನ 8 × (30 − 14) ಅಂತ ಲೆಕ್ಕ ಹಾಕ್ತಾರೆ, 128 ಮಾತ್ರ. ಇಂಥ ಕರ್ಟನ್‌ಗೆ ಮೊದ್ಲು ಕೈ ವೇಗ 2000 ಇಟ್ಟು ಲೆಕ್ಕ ಹಾಕ್ಬೇಕು, ಉತ್ತರ 500 ದಾಟಿದ್ರೆ 1600 ಇಟ್ಟು ಮತ್ತೆ ಹಾಕಬಹುದು, ಎರಡನೇ ಸಲ ಎಷ್ಟೇ ಬಂದ್ರೂ 500ಕ್ಕಿಂತ ಕಮ್ಮಿ ಇಡೋ ಹಾಗಿಲ್ಲ. ನಿಮ್ಮ ಕೇಸಲ್ಲಿ ಮೊದಲನೇದು 1528 ಬರತ್ತೆ, ಎರಡನೇದು 1120 + 128, ಅಂದ್ರೆ 1248 ಮಿ.ಮೀ. ಮೇಲಿಂದ ಕೈ ಹಾಕಕ್ಕೆ ಆಗದಷ್ಟು ಎತ್ತರದ್ದು ತಗೊಳ್ಳಿ. ಉಳಿದ 650 ಮಿ.ಮೀ ಹೊಂದಿಸಕ್ಕೆ ಕರ್ಟನ್ ಹೊರಗೆ ಸರಿಸಬಹುದು, ಇಲ್ಲಾಂದ್ರೆ ರೋಬೋ ಕಂಟ್ರೋಲರ್‌ನಲ್ಲಿ ಸೇಫ್ಟಿ ರೇಟೆಡ್ ಝೋನ್ ಆಪ್ಷನ್ ಇದ್ರೆ ಗ್ರಿಪ್ಪರ್ ಬಾಗಿಲ ಕಡೆ ಅಷ್ಟು ದೂರ ಬರದ ಹಾಗೆ ಕಟ್ ಮಾಡಬಹುದು. ಮಾಮೂಲಿ ಪ್ರೋಗ್ರಾಂನಲ್ಲಿ "ಅಲ್ಲಿಗೆ ಹೋಗಲ್ಲ" ಅಂತ ಬರೆದಿರೋದು ಲೆಕ್ಕಕ್ಕೆ ಬರಲ್ಲ. ಇನ್ನೊಂದು, ದೂರ ಅಳೆಯುವಾಗ ರೋಬೋ ಒಂದನ್ನೇ ನೋಡಬೇಡಿ, ಪ್ಯಾಲೆಟ್ ಡಿಸ್ಪೆನ್ಸರ್ ಒಳಗಿದ್ರೆ ಬಾಗಿಲಿಗೆ ಹತ್ರ ಇರೋದು ಅದರ ಎತ್ತೋ ತೋಳೇ ಆಗಿರಬಹುದು, ಅದಕ್ಕೂ ಬೇರೆ T ಅಳೆದು ಬೇರೆ ಲೆಕ್ಕ ಹಾಕ್ಬೇಕು.

ಕರ್ಟನ್ ಇಷ್ಟು ದೂರ ಹೋದ್ಮೇಲೆ ಅದಕ್ಕೂ ರೋಬೋಗೂ ಮಧ್ಯೆ ಮನುಷ್ಯ ಆರಾಮಾಗಿ ನಿಲ್ಲಬಹುದು, ಅವನು ಒಳಗಿರುವಾಗ ಕರ್ಟನ್‌ಗೆ ಅವನು ಕಾಣಲ್ಲ. ಅದಕ್ಕೆ ಆಟೋ ರೀಸೆಟ್ ಬೇಡವೇ ಬೇಡ, ರೀಸೆಟ್ ಬಟನ್ ಹೊರಗಿರ್ಲಿ, ಒಳಗಿಂದ ಕೈಗೆ ಸಿಗಬಾರ್ದು, ಒತ್ತೋನಿಗೆ ಸೆಲ್ ಪೂರ್ತಿ ಕಾಣಬೇಕು.

ಇನ್ನು ಮ್ಯೂಟಿಂಗ್. ಇಲ್ಲಿ ಒಂದು ಮಾತು ಮನಸ್ಸಲ್ಲಿಟ್ಕೊಳ್ಳಿ, ಮ್ಯೂಟಿಂಗ್ ಆನ್ ಇರೋಷ್ಟು ಹೊತ್ತು ಮೇಲೆ ಲೆಕ್ಕ ಹಾಕಿದ ದೂರಕ್ಕೆ ಬೆಲೆನೇ ಇಲ್ಲ, ಯಾಕಂದ್ರೆ ಕರ್ಟನ್ ಕುರುಡಾಗಿರತ್ತೆ. ಆ ಹೊತ್ತಲ್ಲಿ ಬಾಗಿಲನ್ನ ಮುಚ್ಚಿರೋದು ಪ್ಯಾಲೆಟ್ ಅಟ್ಟಿ ಒಂದೇ. ಹಾಗಾಗಿ ಅಟ್ಟಿಯ ಎರಡು ಪಕ್ಕದಲ್ಲಿ ಮನುಷ್ಯ ನುಸುಳೋ ಜಾಗ ಇರಬಾರ್ದು. ನಿಮ್ಮದು 1300ರಲ್ಲಿ 1000 ಹೋದ್ರೆ ಪಕ್ಕಕ್ಕೆ 150, ಸಾಮಾನ್ಯವಾಗಿ ಒಪ್ಪೋ ಮಿತಿ 200 ಮಿ.ಮೀ, ಅಷ್ಟರಮಟ್ಟಿಗೆ ಸರಿ ಇದೆ.

ತಪ್ಪಿರೋದು ಸೆನ್ಸಾರ್ ಇಟ್ಟಿರೋ ರೀತಿ. 150 ಮಿ.ಮೀ ಅಂತರದಲ್ಲಿ ಎರಡು ಇಟ್ರೆ ಒಬ್ಬನ ಮೈ ಎರಡನ್ನೂ ಒಟ್ಟಿಗೇ ಮುಚ್ಚತ್ತೆ, ಕಂಟ್ರೋಲರ್‌ಗೆ ಅವನಿಗೂ ಪ್ಯಾಲೆಟ್‌ಗೂ ವ್ಯತ್ಯಾಸ ಗೊತ್ತಾಗಲ್ಲ. ಪ್ಯಾಲೆಟ್‌ಗಿದ್ದು ಮನುಷ್ಯನಿಗಿಲ್ಲದ ಗುಣ ಅಂದ್ರೆ ಅದರ ಒಂದು ಮೀಟರ್ ಅಗಲ, ಸೆನ್ಸಾರ್ ಹಿಡೀಬೇಕಾದ್ದು ಅದನ್ನ. ಅದಕ್ಕೆ ಎರಡು ಕಿರಣ ಎಕ್ಸ್ ಆಕಾರದಲ್ಲಿ ದಾಟಿಸ್ತಾರೆ, ದಾಟೋ ಬಿಂದು ಕರ್ಟನ್‌ನ ಒಳಗಡೆ ಇರಬೇಕು. ಹೊರಗಿದ್ರೆ ಆ ಬಿಂದುವಿನಲ್ಲಿ ಒಂದು ಕೈ ಇಟ್ರೂ ಮ್ಯೂಟಿಂಗ್ ಶುರು ಆಗತ್ತೆ.

ನಿಮ್ಮ ಅಳತೆಗೆ ಹಾಕಿ ನೋಡೋಣ. ಎರಡು ಕಂಬದಲ್ಲೂ ಕರ್ಟನ್‌ನಿಂದ ಹೊರಕ್ಕೆ 95 ಮಿ.ಮೀನಲ್ಲಿ ಒಂದು, ಒಳಕ್ಕೆ 255ರಲ್ಲಿ ಒಂದು ಪಾಯಿಂಟ್ ಇಟ್ಟು ಅಡ್ಡಡ್ಡ ಕಿರಣ ಬಿಟ್ರೆ ಅವು ಮಧ್ಯದಲ್ಲಿ, ಕರ್ಟನ್‌ನಿಂದ 80 ಮಿ.ಮೀ ಒಳಗೆ ದಾಟ್ತವೆ. ಕರ್ಟನ್ ಇರೋ ಗೆರೆ ಮೇಲೆ ಎರಡು ಕಿರಣದ ನಡುವೆ ಸುಮಾರು 600 ಮಿ.ಮೀ ಇರತ್ತೆ, ಹೊರಗೆ ಹೋದಷ್ಟೂ ಇನ್ನೂ ಅಗಲ ಆಗತ್ತೆ. ಹೊರಗೆ ನಿಂತವನ ಮೈ ಎರಡನ್ನೂ ಮುಟ್ಟಲ್ಲ, ಮುಂದೆ ಬಂದ್ರೆ ಮೊದ್ಲು ಕರ್ಟನ್ನೇ ಕಟ್ ಆಗಿ ರೋಬೋ ನಿಲ್ಲತ್ತೆ. ಅದೇ ಪ್ಯಾಲೆಟ್ ಬಂದಾಗ ಅದರ ಎರಡು ಮೂಲೆ ಕರ್ಟನ್‌ಗೆ ಇನ್ನೂ 54 ಮಿ.ಮೀ ಇರುವಾಗ್ಲೇ ಎರಡು ಕಿರಣವನ್ನೂ ಕಟ್ ಮಾಡ್ತವೆ. ನಿಮ್ಮ ಕನ್ವೇಯರ್ ಸ್ಪೀಡಿಗೆ ಅದು 0.27 ಸೆಕೆಂಡ್, ಮ್ಯೂಟಿಂಗ್ ಶುರು ಆಗಕ್ಕೆ ಸಾಕು. ಪ್ಯಾಲೆಟ್ ಒಂದು ಕಡೆಗೆ 100 ಮಿ.ಮೀ ಸರಿದು ಬಂದ್ರೆ ಆ 54 ಕಮ್ಮಿಯಾಗಿ 27 ಆಗತ್ತೆ, ಆಗ ಸುಮ್ಸುಮ್ನೆ ಟ್ರಿಪ್ ಆಗಕ್ಕೆ ಶುರು. ಆದ್ದರಿಂದ ಕನ್ವೇಯರ್ ಪಕ್ಕ ಸೈಡ್ ಗೈಡ್ ಹಾಕಿ, ಟ್ರಿಪ್ ಆಗತ್ತೆ ಅಂತ ಸೆನ್ಸಾರನ್ನ ಹೊರಗೆ ಎಳೀಬೇಡಿ.

ಕಿರಣದ ಓರೆ ಜಾಸ್ತಿ ಇಡೋ ಆಸೆ ಆಗತ್ತೆ, ಆದ್ರೆ ಬೇಡ. ಅಟ್ಟಿಯ ಹಿಂಭಾಗ ಒಳಗಿನ ಕೊನೇ ಕಿರಣ ಬಿಡೋವರೆಗೆ ಮ್ಯೂಟಿಂಗ್ ಮುಂದುವರಿಯತ್ತೆ. ಮೇಲಿನ ಅಳತೆಯಲ್ಲಿ ಅದು ಕರ್ಟನ್ ದಾಟಿ ಸುಮಾರು 215 ಮಿ.ಮೀ. ಅಟ್ಟಿಗೆ ಅಂಟ್ಕೊಂಡೇ ಒಬ್ಬ ಹಿಂದೆ ಬಂದ್ರೂ ಅಷ್ಟರೊಳಗೆ ಅವನು ಕರ್ಟನ್ ಪೂರ್ತಿ ದಾಟಿರಲ್ಲ, ಮ್ಯೂಟಿಂಗ್ ಮುಗಿದ ಕೂಡ್ಲೇ ಸಿಕ್ಕಿಬೀಳ್ತಾನೆ. 30 ಡಿಗ್ರಿ ಓರೆ ಇಟ್ಟಿದ್ರೆ ಇದು 370 ಹತ್ರ ಹೋಗತ್ತೆ, ಅಷ್ಟರಲ್ಲಿ ಅವನು ಒಳಗೆ ಸೇರಿರ್ತಾನೆ, ಯಾರಿಗೂ ಗೊತ್ತೇ ಆಗಲ್ಲ. ಕಂಟ್ರೋಲರ್‌ನಲ್ಲಿ "ಕರ್ಟನ್ ಕ್ಲಿಯರ್ ಆದ ತಕ್ಷಣ ಮ್ಯೂಟಿಂಗ್ ಮುಗಿಸು" ಅನ್ನೋ ಸೆಟ್ಟಿಂಗ್ ಇದ್ರೆ ಅದನ್ನೂ ಆನ್ ಮಾಡಿ.

ಟೈಮರ್‌ಗಳನ್ನ ಫ್ಯಾಕ್ಟರಿ ಸೆಟ್ಟಿಂಗಲ್ಲೇ ಬಿಟ್ಟಿರೋದು ಬೇಜಾನ್ ಕಡೆ ನೋಡಿದೀನಿ. ಎರಡು ಸೆನ್ಸಾರ್ ಎಷ್ಟು ಅಂತರದಲ್ಲಿ ಬರಬೇಕು ಅನ್ನೋದು ಸಾಮಾನ್ಯವಾಗಿ 4 ಸೆಕೆಂಡ್ ಇರತ್ತೆ, ನಿಮಗೆ 1 ಸೆಕೆಂಡ್ ಸಾಕು. ಒಟ್ಟು ಮ್ಯೂಟಿಂಗ್ ಸಮಯ: ಅಟ್ಟಿ ಉದ್ದ 1200ಕ್ಕೆ ಹಿಂದೆ ಮುಂದೆ 270 ಸೇರಿ 1470 ಮಿ.ಮೀ, 7.4 ಸೆಕೆಂಡ್. 10 ಸೆಕೆಂಡ್ ಇಡಿ, ನಿಮಿಷಗಟ್ಟಲೆ ಬೇಡ. ಕನ್ವೇಯರ್ ಒಳಮುಖವಾಗಿ ಓಡ್ತಿದ್ರೆ ಮಾತ್ರ ಮ್ಯೂಟಿಂಗ್ ಆಗಲಿ ಅಂತ ಒಂದು ಎನೇಬಲ್ ಸಿಗ್ನಲ್ಲೂ ಕೊಡ್ಸಿ.

ಕ್ಯೂರಿಂಗ್ ಯೂನಿಟ್ ಅಂದ್ಮೇಲೆ ಹೊಟ್ಟಿನ ಧೂಳು ಇದ್ದೇ ಇರತ್ತೆ. ಸೆನ್ಸಾರ್ ಲೆನ್ಸ್ ಮೇಲೆ ಧೂಳು ಕೂತ್ರೆ ಕಿರಣ ಕಟ್ ಆದ ಹಾಗೇ ಕಾಣತ್ತೆ, ಅಂದ್ರೆ ಆ ಸೆನ್ಸಾರ್ "ಪ್ಯಾಲೆಟ್ ಇದೆ" ಅಂತ ಹೇಳ್ತಾನೇ ಇರತ್ತೆ. ಸೀಸನ್‌ನಲ್ಲಿ ಪ್ರತಿ ಶಿಫ್ಟ್ ಶುರುವಿನಲ್ಲಿ ಒರೆಸಿ, ಆಮೇಲೆ ಒಂದೊಂದು ಕಿರಣವನ್ನ ಒಂದೊಂದಾಗಿ ಕೈಯಿಂದ ಮುಚ್ಚಿ ನೋಡಿ. ಒಂದೇ ಮುಚ್ಚಿದಾಗ ಮ್ಯೂಟಿಂಗ್ ಲ್ಯಾಂಪ್ ಹತ್ಕೊಂಡ್ರೆ ಇನ್ನೊಂದು ಸೆನ್ಸಾರ್ ಕೊಳೆಯಾಗಿದೆ ಇಲ್ಲಾ ವೈರಿಂಗ್ ಕೆಟ್ಟಿದೆ, ಜೊತೆಗೆ ಆ 1 ಸೆಕೆಂಡ್ ಚೆಕ್ಕೂ ಕೆಲಸ ಮಾಡ್ತಿಲ್ಲ ಅಂತ ಅರ್ಥ, ಸರಿಯಾಗೋವರೆಗೆ ಲೈನ್ ಶುರು ಮಾಡಬೇಡಿ.

ಕರೆಂಟ್ ಹೋಗಿ ಅಟ್ಟಿ ಕರ್ಟನ್ ಮಧ್ಯೆ ನಿಂತ್ಬಿಟ್ರೆ ಅದನ್ನ ಹೊರಗೆ ತೆಗೆಯಕ್ಕೆ ಹಿಡ್ಕೊಂಡಿದ್ರೆ ಮಾತ್ರ ಓಡೋ ಓವರ್‌ರೈಡ್ ಕೀ ಸ್ವಿಚ್ ಇರ್ಲಿ, ಬಾಗಿಲು ಕಾಣೋ ಜಾಗದಲ್ಲಿ. ಅದು ಇಲ್ದಿದ್ರೆ ಹುಡುಗ್ರು ಸೆನ್ಸಾರ್ ಮುಂದೆ ರಟ್ಟು ಸಿಕ್ಕಿಸಿ ಕೆಲಸ ಮುಗಿಸ್ತಾರೆ, ಆ ರಟ್ಟು ಮರುದಿನವೂ ಅಲ್ಲೇ ಇರತ್ತೆ. ಕೀ ಶಿಫ್ಟ್ ಇನ್‌ಚಾರ್ಜ್ ಹತ್ರ ಇರ್ಲಿ, ಸ್ವಿಚ್ಚಲ್ಲೇ ಬಿಡಬೇಡಿ.