ಆರ್‌ಒಐ ಬಿಟ್ಟು ಇವಿಎಗೆ ಹೋದರೆ ಮ್ಯಾನೇಜರ್ ನಡವಳಿಕೆ ಬದಲಾಗುತ್ತಾ?

ಪ್ರಶ್ನೆ: ನಮ್ಮ ಕಂಪನಿಯಲ್ಲಿ ಡಿವಿಷನ್ ಹೆಡ್‌ಗಳ ಬೋನಸ್ ಇಷ್ಟು ದಿನ ಆರ್‌ಒಐ ಮೇಲೆ, ಅಂದರೆ ಹೂಡಿದ ಬಂಡವಾಳಕ್ಕೆ ಶೇಕಡಾ ಎಷ್ಟು ಲಾಭ ಬಂತು ಅನ್ನೋದರ ಮೇಲೆ ನಿಂತಿತ್ತು. ಈಗ ಇವಿಎ, ಅಂದರೆ ಎಕನಾಮಿಕ್ ವ್ಯಾಲ್ಯೂ ಆಡೆಡ್, ತರ್ತಾರಂತೆ. ಕೆಲವರು ರೆಸಿಡ್ಯುಯಲ್ ಇನ್‌ಕಮ್ ಸಾಕು ಅಂತಾರೆ. ಮೂರೂ ಅದೇ ಲಾಭ, ಅದೇ ಬಂಡವಾಳ ಇಟ್ಕೊಂಡು ಮಾಡೋ ಲೆಕ್ಕ ಅಲ್ವಾ? ನಿಜವಾಗಿ ಏನು ಬದಲಾಗುತ್ತೆ?

ಉತ್ತರ:

ಬೋನಸ್ ಇಲ್ಲದಿದ್ದರೆ ಹೆಚ್ಚೇನೂ ಬದಲಾಗುವುದಿಲ್ಲ. ಬೋನಸ್ ಇದ್ದರೆ ಮಾತ್ರ ಮ್ಯಾನೇಜರ್ ಯಾವ ಮಷಿನ್ ಕೊಳ್ಳುತ್ತಾರೆ, ಯಾವುದನ್ನು ಮಾರುತ್ತಾರೆ ಎನ್ನುವುದೇ ಬದಲಾಗಬಹುದು. ನಾನು ಕಾಸ್ಟ್ ಅಕೌಂಟೆಂಟ್. ಬಜೆಟ್ ಮೀಟಿಂಗ್‌ಗಳಲ್ಲಿ ನೋಡಿದ್ದೂ ಇದನ್ನೇ.

ಒಂದು ಡಿವಿಷನ್ ತೆಗೆದುಕೊಳ್ಳಿ. ಅದರಲ್ಲಿ ಹೂಡಿದ ಬಂಡವಾಳ 50 ಕೋಟಿ, ವರ್ಷದ ಲಾಭ 12 ಕೋಟಿ. ಆರ್‌ಒಐ 24%. ಕಂಪನಿಗೆ ಬಂಡವಾಳ ಬೀಳುವ ಖರ್ಚು, ಸಾಲದ ಬಡ್ಡಿ ಮತ್ತು ಷೇರುದಾರರ ನಿರೀಕ್ಷೆ ಎರಡೂ ಸೇರಿ, 12% ಇರಲಿ. ಈಗ 10 ಕೋಟಿಯ ಹೊಸ ಲೈನ್ ಹಾಕುವ ಅವಕಾಶ ಬಂದಿದೆ. ಅದರಿಂದ ವರ್ಷಕ್ಕೆ 1.8 ಕೋಟಿ ಲಾಭ, ಅಂದರೆ 18%. 12%ಗೆ ತಂದ ದುಡ್ಡು 18% ದುಡಿಯುತ್ತದೆ ಎಂದರೆ ಕಂಪನಿಗೆ ಒಳ್ಳೆಯದೇ. ಆದರೆ ಲೈನ್ ಹಾಕಿದ ಮೇಲೆ ಲಾಭ 13.8 ಕೋಟಿ, ಬಂಡವಾಳ 60 ಕೋಟಿ, ಆರ್‌ಒಐ 23%. ಒಂದು ಪಾಯಿಂಟ್ ಕೆಳಗೆ. ಬೋನಸ್ 24%ಗೆ ಕಟ್ಟಿದ್ದರೆ ಮ್ಯಾನೇಜರ್ ಆ ಪ್ರಸ್ತಾವವನ್ನು ಹೆಡ್ ಆಫೀಸಿಗೆ ಕಳಿಸುವುದೇ ಇಲ್ಲ. ಯಾರಿಗೂ ಗೊತ್ತಾಗುವುದೂ ಇಲ್ಲ.

ಇದರ ಉಲ್ಟಾ ಇನ್ನೂ ಕೆಟ್ಟದ್ದು. ಅದೇ ಡಿವಿಷನ್‌ನಲ್ಲಿ 10 ಕೋಟಿಯ ಹಳೆಯ ಘಟಕವೊಂದು 16% ದುಡಿಯುತ್ತಿದೆ ಎಂದುಕೊಳ್ಳಿ. ಅದನ್ನು ಪುಸ್ತಕದ ಬೆಲೆಗೇ, ಅಂದರೆ ಲೆಕ್ಕದ ಪುಸ್ತಕದಲ್ಲಿ ಸವಕಳಿ ಕಳೆದು ಉಳಿದಿರುವ ಬೆಲೆಗೇ ಮಾರಿ ದುಡ್ಡು ಹೆಡ್ ಆಫೀಸಿಗೆ ಕೊಟ್ಟರೆ ಲಾಭ 10.4 ಕೋಟಿ, ಬಂಡವಾಳ 40 ಕೋಟಿ, ಆರ್‌ಒಐ 26%. ಚೆನ್ನಾಗಿ ನಡೆಯುತ್ತಿದ್ದ ಘಟಕ ಕೈಬಿಟ್ಟಿದ್ದಕ್ಕೆ ಬೋನಸ್ ಜಾಸ್ತಿ!

ರೆಸಿಡ್ಯುಯಲ್ ಇನ್‌ಕಮ್ ಇಲ್ಲೇ ಕೆಲಸಕ್ಕೆ ಬರುವುದು. ಲಾಭದಿಂದ ಬಂಡವಾಳದ ಖರ್ಚು ಕಳೆದು ಉಳಿದ ರೂಪಾಯಿ ನೋಡುತ್ತೇವೆ, ಶೇಕಡಾ ಅಲ್ಲ. ಮೊದಲು 12 ಕೋಟಿಯಿಂದ 50 ಕೋಟಿಯ 12%, ಅಂದರೆ 6 ಕೋಟಿ ಕಳೆದು 6 ಕೋಟಿ ಉಳಿಯುತ್ತಿತ್ತು. ಹೊಸ ಲೈನ್ ಹಾಕಿದರೆ 6.6 ಕೋಟಿ. ಹಳೆ ಘಟಕ ಮಾರಿದರೆ 5.6 ಕೋಟಿ. ಎರಡೂ ಕಡೆ ಕಂಪನಿಗೆ ಯಾವುದು ಒಳ್ಳೆಯದೋ ಮ್ಯಾನೇಜರ್‌ಗೂ ಅದೇ ಒಳ್ಳೆಯದಾಯಿತು. ಇದೇನೂ ಹೊಸದಲ್ಲ. ಅಮೆರಿಕದ ಜನರಲ್ ಎಲೆಕ್ಟ್ರಿಕ್ 1950ರ ದಶಕದಲ್ಲೇ ತನ್ನ ಡಿವಿಷನ್‌ಗಳಿಗೆ ಇದನ್ನು ಬಳಸುತ್ತಿತ್ತು.

ಹಾಗಾದರೆ ಇವಿಎ ಏನು? ಬುಡದಲ್ಲಿ ಇದೂ ರೆಸಿಡ್ಯುಯಲ್ ಇನ್‌ಕಮ್ಮೇ. ಸ್ಟರ್ನ್ ಸ್ಟೀವರ್ಟ್ ಎಂಬ ಅಮೆರಿಕದ ಸಲಹಾ ಕಂಪನಿ ಅದಕ್ಕೆ ಹೆಸರಿಟ್ಟು, ಟ್ರೇಡ್‌ಮಾರ್ಕ್ ಮಾಡಿ, 1990ರ ದಶಕದಲ್ಲಿ ಜೋರಾಗಿ ಮಾರಿತು. ವ್ಯತ್ಯಾಸ ಇರುವುದು ಲಾಭವನ್ನೂ ಬಂಡವಾಳವನ್ನೂ ಸರಿಪಡಿಸುವುದರಲ್ಲಿ. ತೆರಿಗೆ ಕಳೆದ, ಬಡ್ಡಿ ಕಳೆಯದ ಕಾರ್ಯಾಚರಣೆಯ ಲಾಭ ತೆಗೆದುಕೊಳ್ಳುತ್ತಾರೆ. ಸಂಶೋಧನೆಗೆ ಮಾಡಿದ ಖರ್ಚನ್ನು ಒಂದೇ ವರ್ಷಕ್ಕೆ ಹಾಕದೆ, ಬಂಡವಾಳ ಎಂದು ಪರಿಗಣಿಸಿ ಕೆಲವು ವರ್ಷಗಳಿಗೆ ಹಂಚುತ್ತಾರೆ. ಹಾಗೆ ಮಾಡಿದರೆ ಸಂಶೋಧನೆಯ ಬಜೆಟ್ ಕತ್ತರಿಸಿ ಈ ವರ್ಷದ ಅಂಕಿ ಚೆಂದ ಮಾಡಿಕೊಳ್ಳುವ ಆಸೆ ಕಡಿಮೆಯಾಗುತ್ತದೆ. ಇಂಥ ತಿದ್ದುಪಡಿಗಳ ಪಟ್ಟಿ 160 ದಾಟುತ್ತದೆ. ನನ್ನ ಮಟ್ಟಿಗೆ ನಾಲ್ಕೈದಕ್ಕಿಂತ ಜಾಸ್ತಿ ಬೇಡ. ಮ್ಯಾನೇಜರ್‌ಗೆ ತನ್ನ ಅಂಕಿ ಹೇಗೆ ಬಂತು ಎಂದು ಅರ್ಥವಾಗದಿದ್ದರೆ ಅವರು ಅದಕ್ಕೆ ತಕ್ಕಂತೆ ನಡೆಯುವುದಾದರೂ ಹೇಗೆ? (ನಮ್ಮ ಬೆಂಗಳೂರಿನ ಇನ್ಫೋಸಿಸ್ ಕೂಡ ಹಲವು ವರ್ಷ ವಾರ್ಷಿಕ ವರದಿಯಲ್ಲಿ ಇವಿಎ ಲೆಕ್ಕ ಕೊಟ್ಟಿತ್ತು. ಆದರೆ ಅದು ಇಡೀ ಕಂಪನಿಯ ಲೆಕ್ಕ. ಡಿವಿಷನ್ ಮ್ಯಾನೇಜರನ್ನು ಅಳೆಯುವ ಕಷ್ಟ ಬೇರೆ.)

ಆ ಕಷ್ಟ ಸವಕಳಿಯಲ್ಲಿದೆ, ಅಂದರೆ ಮಷಿನ್‌ನ ಬೆಲೆಯನ್ನು ಅದರ ಬಾಳಿಕೆಯ ವರ್ಷಗಳಿಗೆ ಹಂಚಿ ಖರ್ಚು ಹಾಕುವುದರಲ್ಲಿ. ಇವಿಎ ತಂದ ತಕ್ಷಣ ಎಲ್ಲ ಸರಿಹೋಯಿತು ಎನ್ನುವವರು ಇದನ್ನು ಹೇಳುವುದಿಲ್ಲ. ಮೇಲಿನ ಲೆಕ್ಕದಲ್ಲಿ ನಾನೂ ಸುಮ್ನೆ ಪಕ್ಕಕ್ಕಿಟ್ಟಿದ್ದೆ.

10 ಕೋಟಿಯ ಒಂದು ಮಷಿನ್, 5 ವರ್ಷ ಬಾಳಿಕೆ, ಕೊನೆಗೆ ಗುಜರಿ ಬೆಲೆ ಸೊನ್ನೆ. ವರ್ಷಕ್ಕೆ 3 ಕೋಟಿ ನಗದು ತರುತ್ತದೆ. ತೆರಿಗೆ ಬಿಡೋಣ. 12% ಹಿಡಿದು ಇಂದಿನ ಮೌಲ್ಯಕ್ಕೆ ಇಳಿಸಿದರೆ ಹೂಡಿಕೆ ಕಳೆದು ಸುಮಾರು 81 ಲಕ್ಷ ಲಾಭ. ಕೊಳ್ಳಬೇಕಾದ ಮಷಿನ್ ಅದು. ಸವಕಳಿ ವರ್ಷಕ್ಕೆ ಸಮನಾಗಿ 2 ಕೋಟಿ, ಹಾಗಾಗಿ ಲಾಭ ಪ್ರತಿ ವರ್ಷ 1 ಕೋಟಿ. ಮೊದಲ ವರ್ಷ 10 ಕೋಟಿಯ ಮೇಲೆ ಬಂಡವಾಳದ ಖರ್ಚು 1.2 ಕೋಟಿ. ರೆಸಿಡ್ಯುಯಲ್ ಇನ್‌ಕಮ್ ಮೈನಸ್ 20 ಲಕ್ಷ! ಎರಡನೇ ವರ್ಷ ಪುಸ್ತಕದ ಬೆಲೆ 8 ಕೋಟಿಗೆ ಇಳಿದು 4 ಲಕ್ಷ ಪ್ಲಸ್. ಐದನೇ ವರ್ಷ 76 ಲಕ್ಷ. ಐದೂ ವರ್ಷದ ಅಂಕಿಗಳನ್ನು 12%ರಲ್ಲಿ ಇಂದಿನ ಮೌಲ್ಯಕ್ಕೆ ತಂದು ಕೂಡಿಸಿದರೆ ಅದೇ 81 ಲಕ್ಷ ಸಿಗುತ್ತದೆ. ಅಂದರೆ ಒಟ್ಟು ಲೆಕ್ಕ ಸರಿಯಾಗಿದೆ. ಯಾವ ವರ್ಷಕ್ಕೆ ಎಷ್ಟು ಬಿತ್ತು ಎನ್ನುವುದು ಮಾತ್ರ ಮ್ಯಾನೇಜರ್‌ಗೆ ವಿರುದ್ಧವಾಗಿದೆ. ಮುಂದಿನ ವರ್ಷ ಟ್ರಾನ್ಸ್‌ಫರ್ ಆಗುವವರು ಆ ಮೈನಸ್ 20 ಲಕ್ಷ ಯಾಕೆ ಹೊರಬೇಕು?

ಆರ್‌ಒಐನಲ್ಲಿ ಇದೇ ರೋಗ ಇನ್ನೂ ಜೋರು. ಅದೇ ಮಷಿನ್ ಮೊದಲ ವರ್ಷ 10%, ಕೊನೆ ವರ್ಷ 50% ತೋರಿಸುತ್ತದೆ. ಕೆಲಸ ಒಂದಿಷ್ಟೂ ಸುಧಾರಿಸಿಲ್ಲ, ಮಷಿನ್ ಹಳೆಯದಾಗಿದೆ ಅಷ್ಟೆ. ಡಿವಿಷನ್‌ನ ಆರ್‌ಒಐ ಏರುತ್ತಾ ಇದ್ದು, ಲಾಭ ನಿಂತಲ್ಲೇ ನಿಂತಿದ್ದರೆ ಸ್ಥಿರ ಆಸ್ತಿಯ ರಿಜಿಸ್ಟರ್ ತೆಗೆದು ಮೂಲ ಬೆಲೆಯಲ್ಲಿ ಸವಕಳಿ ಎಷ್ಟು ಪಾಲು ಆಗಿಹೋಗಿದೆ ಎಂದು ನೋಡಿ. ಮುಕ್ಕಾಲು ದಾಟಿದ್ದರೆ ಏರಿಕೆಯ ಕಾರಣ ಬಹುಪಾಲು ಅಲ್ಲೇ ಸಿಗುತ್ತದೆ. ರೆಸಿಡ್ಯುಯಲ್ ಇನ್‌ಕಮ್ ಏರಿಕೆಗೂ ಇದೇ ಪರೀಕ್ಷೆ ಮಾಡಿ.

ಇದಕ್ಕೆ ಒಂದು ದಾರಿ ಇದೆ. ಒಳಗಿನ ಲೆಕ್ಕಕ್ಕೆ ಮಾತ್ರ ಸವಕಳಿಯನ್ನು ಸಾಲದ ಇಎಂಐ ಥರ ಹಾಕುವುದು: ಮೊದಲ ವರ್ಷ ಕಡಿಮೆ ಅಸಲು, ಕೊನೆಗೆ ಜಾಸ್ತಿ. ನಮ್ಮ ಮಷಿನ್‌ಗೆ ಮೊದಲ ವರ್ಷದ ಸವಕಳಿ ಸುಮಾರು 1.57 ಕೋಟಿ, ಕೊನೆ ವರ್ಷ ಸುಮಾರು 2.48 ಕೋಟಿ. ಸವಕಳಿ ಮತ್ತು ಬಂಡವಾಳದ ಖರ್ಚು ಸೇರಿ ಪ್ರತಿ ವರ್ಷ ಒಂದೇ ಮೊತ್ತ, ಸುಮಾರು 2.77 ಕೋಟಿ. 3 ಕೋಟಿಯಿಂದ ಅದನ್ನು ಕಳೆದರೆ ಮೊದಲ ವರ್ಷದಿಂದಲೇ ಸುಮಾರು 23 ಲಕ್ಷ ಪ್ಲಸ್. ಆದರೆ ನಗದು ಪ್ರತಿ ವರ್ಷ ಸಮನಾಗಿ ಬರುವಲ್ಲಿ ಮಾತ್ರ ಇದು ಇಷ್ಟು ಚೆಂದವಾಗಿ ಕೂರುತ್ತದೆ. ಮಾರುಕಟ್ಟೆ ಹಿಡಿಯಲು ಮೂರು ವರ್ಷ ಬೇಕಾದ ಉತ್ಪನ್ನಕ್ಕೆ ಹೀಗೆ ಮಾಡಿದರೂ ಮೊದಲ ವರ್ಷಗಳು ಕೆಂಪಾಗಿಯೇ ಇರುತ್ತವೆ.

ನಿಮ್ಮಲ್ಲಿ ಇವಿಎ ಬರುವಾಗ ಇನ್ನೊಂದು ವಿಷಯ ಗಮನಿಸಿ. ರೂಪಾಯಿ ಲೆಕ್ಕ ದೊಡ್ಡ ಡಿವಿಷನ್‌ಗೆ ತಾನಾಗಿಯೇ ಅನುಕೂಲ. 500 ಕೋಟಿಯ ಡಿವಿಷನ್ 13% ದುಡಿದರೂ 5 ಕೋಟಿ ಇವಿಎ ತೋರಿಸುತ್ತದೆ. 20 ಕೋಟಿಯ ಡಿವಿಷನ್ 30% ದುಡಿದರೂ 3.6 ಕೋಟಿಯೇ. ಹಾಗಾಗಿ ಮ್ಯಾನೇಜರ್‌ಗಳನ್ನು ಒಬ್ಬರ ಪಕ್ಕ ಒಬ್ಬರನ್ನು ನಿಲ್ಲಿಸಬೇಡಿ. ಹೋದ ವರ್ಷಕ್ಕಿಂತ ಇವಿಎ ಎಷ್ಟು ಬದಲಾಯಿತು ಎನ್ನುವುದಕ್ಕೆ ಬೋನಸ್ ಕಟ್ಟಿ. ಅದರಲ್ಲಿ ಒಂದು ಪಾಲು ಮಾತ್ರ ಈಗ ಕೊಟ್ಟು, ಉಳಿದದ್ದನ್ನು ಎರಡು ಮೂರು ವರ್ಷ ತಡೆಹಿಡಿಯಿರಿ. ಇವಿಎ ಇಳಿದರೆ ಅದರಿಂದ ಕಳೆಯಿರಿ. ಮ್ಯಾನೇಜರ್ ಟ್ರಾನ್ಸ್‌ಫರ್ ಆದರೂ ತಡೆಹಿಡಿದ ಪಾಲು ಹಳೆಯ ಡಿವಿಷನ್ ಲೆಕ್ಕಕ್ಕೇ ಸೇರಿರಲಿ.