ಬ್ರಾಕೆಟ್ ಒಳಗೆ ಕೂತಿರೋ ಕೇರ್‌ಟೇಕರ್

"ಸರ್, ರಿಟೈರ್ ಆಗ್ತಿರೋ ಕೇರ್‌ಟೇಕರ್‌ಗೆ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಅಧ್ಯಕ್ಷರು ಮಾಡೋ ಬೀಳ್ಕೊಡುಗೆ ಭಾಷಣದ ರೂಪದಲ್ಲೇ ಪೂರ್ತಿ ಒಂದು ಕಥೆ ಬರೆದು ಕಳ್ಸಿದೀನಿ. ಮನೇಲಿ ಎಲ್ರಿಗೂ ಇಷ್ಟ ಆಯ್ತು, ನಂಗೇ ಏನೋ ಸಪ್ಪೆ ಅನ್ಸತ್ತೆ. ಎಲ್ಲಿ ಎಡವಿದೀನಿ, ಮುಲಾಜಿಲ್ದೆ ಹೇಳಿ."

ಸಪ್ಪೆ ಅನ್ಸಿದ್ದು ಸರಿಯಾಗೇ ಇದೆ. ಮೊದಲ ಒಂದೂವರೆ ಪುಟದಲ್ಲಿ ಕೇರ್‌ಟೇಕರ್ ಇಲ್ವೇ ಇಲ್ಲ. ಎಲ್ರಿಗೂ ಸ್ವಾಗತ, ಕಮಿಟಿ ಲಿಫ್ಟ್ ಬದಲಾಯ್ಸಿದ್ದು, ಪೇಂಟ್ ಮಾಡ್ಸಿದ್ದು, ಇದೆಲ್ಲ ಆದ್ಮೇಲೆ "ಪ್ರಾಮಾಣಿಕ, ಶ್ರಮಜೀವಿ, ಸದಾ ಹಸನ್ಮುಖಿ" ಅಂತ ಬರತ್ತೆ, ಅದನ್ನ ಯಾವ ಆಫೀಸಿನ ಯಾರ ಸೆಂಡಾಫಲ್ಲಿ ಬೇಕಾದ್ರೂ ಓದಬಹುದು.

ನಿಮ್ಮ ಬರಹದ ಜೀವ ಮೂರನೇ ಪುಟದಲ್ಲಿದೆ, ಅದೂ ಪಾಪ ಬ್ರಾಕೆಟ್ ಒಳಗೆ: "(ಮೋಟರ್ ಸದ್ದು ಕೇಳೇ ಸಂಪ್ ಖಾಲಿ ಅಂತ ಹೇಳ್ತಿದ್ರು)". ಅದನ್ನ ಹೊರಗೆ ಎಳೀರಿ, ಭಾಷಣ ಅಲ್ಲಿಂದ್ಲೇ ಶುರುವಾಗ್ಲಿ. ಸಂಪಲ್ಲಿ ನೀರು ಪೈಪಿನ ಕೆಳತುದೀಲಿರೋ ಫುಟ್‌ವಾಲ್ವ್‌ಗಿಂತ ಕೆಳಗಿಳಿದ್ರೆ ಪಂಪ್ ಗಾಳಿ ಎಳೆಯೋಕೆ ಶುರು ಮಾಡತ್ತೆ, ಒಂದೇ ಸಮ ಗುಂಯ್ ಅಂತಿದ್ದ ಸದ್ದು ಗರಗರ ಆಗತ್ತೆ, ಹಾಗೇ ಓಡೋಕೆ ಬಿಟ್ರೆ ಒಳಗಿನ ಸೀಲ್ ಕಾದು ಹಾಳಾಗತ್ತೆ, ರಿಪೇರಿ ಆಗೋವರ್ಗೂ ಮೇಲಿನ ಟ್ಯಾಂಕಿಗೆ ನೀರಿಲ್ಲ. ಇಷ್ಟನ್ನೂ ಅಧ್ಯಕ್ಷರು ವಿವರಿಸ್ಬೇಕಾಗಿಲ್ಲ, ಅವ್ರಿಗೆ ಗೊತ್ತಿರೋದೂ ಡೌಟೇ. ಬರೆಯೋ ನಿಮ್ಗೆ ಗೊತ್ತಿದ್ರೆ ಸಾಕು, ಅವ್ರ ಬಾಯಲ್ಲಿ ಹೀಗೆ ಬರತ್ತೆ:

"ಅವತ್ತು ಮೀಟಿಂಗಲ್ಲಿ ನಾನೇ ಮಾತಾಡ್ತಿದ್ದೆ, ಇವ್ರು ತಟ್ಟಂತ ಎದ್ದು ಹೋಗ್ಬಿಟ್ರು. ನಂಗೆ ಸಿಟ್ಟು ಬಂತು. ವಾಪಸ್ ಬಂದು, ಮೋಟರ್ ಆಫ್ ಮಾಡ್ದೆ ಸಾರ್, ಸಂಪ್ ಖಾಲಿ ಅಂದ್ರು. ಮೋಟರ್ ಓಡ್ತಿದೆ ಅನ್ನೋದೇ ನಮ್ಗ್ಯಾರ್ಗೂ ಗೊತ್ತಿರ್ಲಿಲ್ಲ."

ನೋಡಿ, ಇಲ್ಲಿ ಹೊಗಳಿಕೆ ಒಂದೂ ಇಲ್ಲ, ಕೆಲ್ಸ ಕಾಣತ್ತೆ, ಅಧ್ಯಕ್ಷರು ಎಂಥೋರು ಅನ್ನೋದೂ ಗೊತ್ತಾಗತ್ತೆ, ಕೂತೋರು ನಗ್ತಾರೆ ಕೂಡ.

ಇನ್ನೊಂದು, "ಇವನು ನಮ್ಮ ಮನೆಮಗ ಇದ್ದ ಹಾಗೆ" ಅನ್ನೋ ಸಾಲು. ರಿಟೈರ್ ಆಗೋ ವಯಸ್ಸಿನೋರನ್ನ ಮೈಕಲ್ಲಿ ಎಲ್ರ ಮುಂದೆ ಇವನು ಅನ್ನೋದಾ? ಅಧ್ಯಕ್ಷರ ದರ್ಪ ತೋರ್ಸೋಕೆ ಬೇಕಂತಲೇ ಬರ್ದಿದ್ರೆ ಸರಿ, ಆದ್ರೆ ಆಗ ಕೇಳ್ತಿರೋ ಕೇರ್‌ಟೇಕರ್ ಮುಖ ಏನಾಯ್ತು ಅನ್ನೋದು ಎಲ್ಲಾದ್ರೂ ಸಿಗ್ಬೇಕು, ಸಿಗಲ್ಲ. ಹಾಗಾಗಿ ನೀವು ಪ್ರೀತಿಯಿಂದ್ಲೇ ಬರ್ದಿದೀರಿ ಅಂದ್ಕೊಂಡೆ. ಹಾಗಿದ್ರೆ ತೆಗೀರಿ. ಅದ್ರ ಬದ್ಲು ಅಧ್ಯಕ್ಷರು ಒಂದ್ಸಲ ಅವ್ರ ಕಡೆ ತಿರುಗಿ "ನೀವು" ಅಂತ ನೇರ ಮಾತಾಡ್ಲಿ, ಪೂರ್ತಿ ಭಾಷಣದಲ್ಲಿ ಅವ್ರ ಬಗ್ಗೆ ಮಾತಾಡಿದಾರೆಯೇ ಹೊರತು ಅವ್ರ ಹತ್ರ ಒಂದು ಮಾತೂ ಆಡಿಲ್ಲ.

ದುಡ್ಡಿನ ವಿಷ್ಯ. ಇಷ್ಟು ವರ್ಷದ ಕೆಲ್ಸಕ್ಕೆ ಅವ್ರಿಗೆ ಸಲ್ಲಬೇಕಾದ ಹಣವನ್ನೇ "ಕಮಿಟಿಯ ಕಿರುಕಾಣಿಕೆ" ಅಂತ ಅನೌನ್ಸ್ ಮಾಡ್ಸಿದೀರಿ. ನಿವಾಸಿಗಳು ತಾವಾಗೇ ಕೂಡ್ಸಿದ್ದು ಕಾಣಿಕೆ, ಬಾಕಿ ಕೊಡೋದು ಕಾಣಿಕೆ ಅಲ್ಲ. ಎರಡನ್ನೂ ಬೇರೆ ಮಾಡಿ, ಮೊತ್ತವನ್ನಂತೂ ಮೈಕಲ್ಲಿ ಹೇಳ್ಸಲೇಬೇಡಿ.

ಕೊನೇ ಪ್ಯಾರಾ, ಮೇಂಟೆನೆನ್ಸ್ ಬಾಕಿ ಇರೋರು ಬೇಗ ಕಟ್ಟಿ ಅನ್ನೋದು, ನಂಗೆ ತುಂಬಾ ಇಷ್ಟ ಆಯ್ತು, ಅಧ್ಯಕ್ಷರಿಗೆ ಮೈಕ್ ಸಿಕ್ರೆ ಬಿಡ್ತಾರಾ! ಅದು ಹಾಗೇ ಇರ್ಲಿ.