ಅಮೆರಿಕದ ಕೋರ್ಟ್ ಕೊಟ್ಟ ಡಿವೋರ್ಸ್ ಇಲ್ಲಿ ನಡೆಯುತ್ತಾ?

ಪ್ರಶ್ನೆ: ನಾನು, ನನ್ನ ಹೆಂಡತಿ ಎಂಟು ವರ್ಷದಿಂದ ಕ್ಯಾಲಿಫೋರ್ನಿಯಾದಲ್ಲಿದ್ದೇವೆ. ಮದುವೆ ಆಗಿದ್ದು ಮೈಸೂರಿನಲ್ಲಿ, ಶಾಸ್ತ್ರೋಕ್ತವಾಗಿ. ಕಳೆದ ವರ್ಷ ಇಲ್ಲಿನ ಕೋರ್ಟ್ ನಮಗೆ ಡಿವೋರ್ಸ್ ಕೊಟ್ಟಿತು. ಈಗ ಊರಲ್ಲಿ ಮನೆಯವರು ಹೆಣ್ಣು ನೋಡುತ್ತಿದ್ದಾರೆ. ಈ ಡಿಕ್ರಿ ಭಾರತದಲ್ಲಿ ನಡೆಯುತ್ತಾ?

ಇಂಥ ಪತ್ರಗಳಲ್ಲಿ ಯಾವ ದೇಶ, ಯಾವ ಕೋರ್ಟ್, ಎಷ್ಟು ವರ್ಷ ಅಲ್ಲಿದ್ದರು ಎಲ್ಲ ಇರುತ್ತದೆ. ಬೇಕಾದ ಒಂದೇ ವಿಷಯ ಇರುವುದಿಲ್ಲ. ಆ ಕೇಸಿನಲ್ಲಿ ನಿಮ್ಮ ಹೆಂಡತಿ ಏನು ಮಾಡಿದರು? ಕೋರ್ಟಿಗೆ ಬಂದರಾ, ಜಗಳ ಆಡಿದರಾ, ಸಹಿ ಹಾಕಿದರಾ, ಸುಮ್ನೆ ಮನೆಯಲ್ಲೇ ಕೂತರಾ? ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಅಲ್ಲಿ. ಅದನ್ನು ನೀವು ಬರೆದಿಲ್ಲ. ಹಾಗಾಗಿ ಎಲ್ಲ ಸಾಧ್ಯತೆಗಳನ್ನೂ ನಾನೇ ಹೇಳಬೇಕು.

ಮೊದಲು ಕಾನೂನು. ಹೊರದೇಶದ ತೀರ್ಪನ್ನು ನಮ್ಮ ಕೋರ್ಟುಗಳು ಯಾವಾಗ ಒಪ್ಪುವುದಿಲ್ಲ ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆಯ 13ನೇ ಸೆಕ್ಷನ್ ಹೇಳುತ್ತದೆ. ಮದುವೆಯ ವಿಷಯಕ್ಕೆ ಅದನ್ನು ಹೇಗೆ ಓದಬೇಕು ಅಂತ ಸುಪ್ರೀಂ ಕೋರ್ಟ್ 1991ರಲ್ಲಿ ನರಸಿಂಹ ರಾವ್ ಪ್ರಕರಣದಲ್ಲಿ ಬಿಡಿಸಿ ಹೇಳಿತು. ಆ ದಂಪತಿ 1975ರಲ್ಲಿ ತಿರುಪತಿಯಲ್ಲಿ ಮದುವೆಯಾಗಿದ್ದರು. ಗಂಡ ಅಮೆರಿಕದ ಮಿಸೌರಿಯಲ್ಲಿ 90 ದಿನ ವಾಸವಿದ್ದೇನೆ ಎಂದು ತೋರಿಸಿ ಅಲ್ಲಿನ ಕೋರ್ಟಿನಿಂದ ಡಿವೋರ್ಸ್ ತಂದರು. ಆಮೇಲೆ ಇನ್ನೊಂದು ಮದುವೆಯಾದರು. ಮೊದಲ ಹೆಂಡತಿ ಇಲ್ಲಿ ದ್ವಿಪತ್ನಿತ್ವದ ದೂರು ಕೊಟ್ಟರು. ಮಿಸೌರಿಯ ಡಿಕ್ರಿ ಇಲ್ಲಿ ನಡೆಯುವುದಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು, ದೂರು ಮುಂದುವರಿಯಿತು.

ಆ ತೀರ್ಪಿನ ತಿರುಳು ಇಷ್ಟು. ನೀವು ಯಾವ ಕಾನೂನಿನಡಿ ಮದುವೆಯಾದಿರೋ, ಡಿವೋರ್ಸಿನ ಕಾರಣವೂ ಕೋರ್ಟಿನ ಅಧಿಕಾರವೂ ಅದೇ ಕಾನೂನಿಗೆ ಹೊಂದಬೇಕು. ಇದಕ್ಕೆ ಮೂರು ವಿನಾಯಿತಿ ಇವೆ. ಎದುರು ಪಕ್ಷದವರು ಆ ದೇಶದಲ್ಲೇ ಕಾಯಂ ಆಗಿ ನೆಲೆಸಿದ್ದು, ನಮ್ಮ ಕಾನೂನಿನಲ್ಲೂ ಇರುವ ಕಾರಣದ ಮೇಲೆ ಡಿವೋರ್ಸ್ ಸಿಕ್ಕಿದ್ದರೆ ಒಂದು. ಅವರು ತಾವಾಗಿಯೇ ಆ ಕೋರ್ಟಿಗೆ ಒಳಪಟ್ಟು, ಅಂಥದ್ದೇ ಕಾರಣದ ಮೇಲೆ ವಾದ ಮಾಡಿದ್ದರೆ ಎರಡು. ಡಿವೋರ್ಸಿಗೆ ಅವರೇ ಒಪ್ಪಿಗೆ ಕೊಟ್ಟಿದ್ದರೆ ಮೂರು.

ಈಗ ನಿಮ್ಮ ಡಿಕ್ರಿಗೆ ಬರೋಣ. ಕ್ಯಾಲಿಫೋರ್ನಿಯಾದಲ್ಲಿ ಡಿವೋರ್ಸ್ ಸಿಗುವುದು ಹೆಚ್ಚುಕಮ್ಮಿ ಯಾವಾಗಲೂ 'ಸರಿಪಡಿಸಲಾಗದ ಭಿನ್ನಾಭಿಪ್ರಾಯ' ಎಂಬ ಕಾರಣದ ಮೇಲೆ. ನಮ್ಮ ಹಿಂದೂ ವಿವಾಹ ಕಾಯ್ದೆಯಲ್ಲಿ ಈ ಕಾರಣವೇ ಇಲ್ಲ. ಅಲ್ಲಿರುವುದು ಕ್ರೌರ್ಯ, ಎರಡು ವರ್ಷದ ಪರಿತ್ಯಾಗ, ವ್ಯಭಿಚಾರ ಮುಂತಾದವು, ಜೊತೆಗೆ ಪರಸ್ಪರ ಒಪ್ಪಿಗೆ. ಮದುವೆ ಪೂರ್ತಿ ಮುರಿದುಬಿದ್ದಿದೆ ಅಂತ ಡಿವೋರ್ಸ್ ಕೊಡುವ ಅಧಿಕಾರ ಸಂವಿಧಾನದ 142ನೇ ವಿಧಿಯಡಿ ತನಗಿದೆ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ ನಿಜ. ಅದು ಆ ಕೋರ್ಟಿಗೆ ಮಾತ್ರ. ಮೈಸೂರಿನ ಕೌಟುಂಬಿಕ ನ್ಯಾಯಾಲಯಕ್ಕೂ ಆ ಅಧಿಕಾರ ಇಲ್ಲ, ಕ್ಯಾಲಿಫೋರ್ನಿಯಾದ ಜಡ್ಜ್‌ಗೂ ಇಲ್ಲ.

ಇದರ ಪರಿಣಾಮ ಜನಕ್ಕೆ ಸುಲಭಕ್ಕೆ ಹೊಳೆಯುವುದಿಲ್ಲ. ನಿಮ್ಮ ಹೆಂಡತಿ ಕೋರ್ಟಿಗೆ ಬರಲೇ ಇಲ್ಲ ಅಂದುಕೊಳ್ಳಿ. ಇಬ್ಬರೂ ಅಲ್ಲೇ ಎಂಟು ವರ್ಷ ಇದ್ದೀರಿ, ಆದ್ದರಿಂದ ಕೋರ್ಟಿಗೆ ಅಧಿಕಾರ ಇತ್ತು ಅಂತ ವಾದಿಸಬಹುದು. ಆದರೆ ಕಾರಣ ನಮ್ಮ ಕಾನೂನಿನದ್ದಲ್ಲ, ಹಾಗಾಗಿ ಡಿಕ್ರಿ ಬೀಳುತ್ತದೆ. ಅವರು ವಕೀಲರನ್ನಿಟ್ಟು ಕೊನೆಯವರೆಗೂ 'ನನಗೆ ಡಿವೋರ್ಸ್ ಬೇಡ' ಅಂತ ಹೋರಾಡಿದರು ಅಂದುಕೊಳ್ಳಿ. 'ಇಬ್ಬರೂ ಹಾಜರಾಗಿದ್ವಿ, ಇನ್ನೇನು ಬೇಕು' ಅಂತ ಎಲ್ಲರೂ ಕೇಳುವುದು ಇಲ್ಲೇ. ಹಾಜರಾದರೆ ಸಾಲದು, ಕಾರಣವೂ ಹೊಂದಬೇಕು. ನಿಮ್ಮ ಡಿಕ್ರಿಯನ್ನು ಗಟ್ಟಿಯಾಗಿ ಎತ್ತಿ ನಿಲ್ಲಿಸುವುದು ಮೂರನೆಯ ವಿನಾಯಿತಿ, ಅಂದರೆ ಹೆಂಡತಿಯ ಒಪ್ಪಿಗೆ. ಆ ಒಪ್ಪಿಗೆ ಕಾಗದದಲ್ಲಿ ಕಾಣಬೇಕು.

ಆದ್ದರಿಂದ ನಿಮ್ಮ ಜಡ್ಜ್‌ಮೆಂಟ್ ತೆಗೆದು ನೋಡಿ. ಕ್ಯಾಲಿಫೋರ್ನಿಯಾದಲ್ಲಿ ಅದು ಎಫ್‌ಎಲ್-180 ಎಂಬ ಫಾರಂನಲ್ಲಿರುತ್ತದೆ. ಮೊದಲ ಪುಟದಲ್ಲೇ ಕೇಸು ಹೇಗೆ ನಡೆಯಿತು ಅಂತ ಗುರುತು ಹಾಕುವ ಚೌಕಗಳಿವೆ. 'ಡಿಫಾಲ್ಟ್ ಆರ್ ಅನ್‌ಕಂಟೆಸ್ಟೆಡ್' ಎಂಬ ಎರಡೂ ಒಂದೇ ಚೌಕದಲ್ಲಿವೆ. ಒಬ್ಬರು ಬರಲೇ ಇಲ್ಲ ಅಂದರೂ ಅದೇ ಗುರುತು, ಇಬ್ಬರೂ ಕೂತು ರಾಜಿ ಮಾಡಿಕೊಂಡರೂ ಅದೇ ಗುರುತು. ಅಲ್ಲಿ ಇದರಿಂದ ಯಾರಿಗೂ ತೊಂದರೆ ಇಲ್ಲ. ಇಲ್ಲಿ ಆ ಒಂದು ಹಾಳೆ ಮಾತ್ರ ತಂದರೆ, ಎದುರು ವಕೀಲರು ಮೊದಲು ಬೆರಳಿಡುವುದು 'ಡಿಫಾಲ್ಟ್' ಎಂಬ ಪದದ ಮೇಲೆ. ಹಾಗಾಗಿ ಜಡ್ಜ್‌ಮೆಂಟಿನ ಹಿಂದೆ ಲಗತ್ತಿಸಿದ ರಾಜಿ ಒಪ್ಪಂದ ಹುಡುಕಿ. ನಿಮ್ಮ ಹೆಂಡತಿ ಉತ್ತರ ಸಲ್ಲಿಸದೆ ಒಪ್ಪಂದಕ್ಕೆ ಮಾತ್ರ ಸಹಿ ಹಾಕಿದ್ದರೆ ಆ ಸಹಿಗೆ ನೋಟರಿ ಆಗಿರಬೇಕು. ಎಫ್‌ಎಲ್-130 ಎಂಬ, ಇಬ್ಬರೂ ಸಹಿ ಮಾಡುವ ಫಾರಂ ಇದ್ದರೆ ಅದನ್ನೂ ಇಟ್ಟುಕೊಳ್ಳಿ. ಒಪ್ಪಂದದಲ್ಲಿ ಮನೆ, ಕಾರು, ರಿಟೈರ್‌ಮೆಂಟ್ ಖಾತೆ ಹಂಚಿದ್ದು ಮಾತ್ರವಿದ್ದರೆ ನನಗೆ ಸಮಾಧಾನವಿಲ್ಲ. 'ಮದುವೆ ಮುಗಿಸಲು ನಾನು ಒಪ್ಪಿದ್ದೇನೆ' ಎಂಬ ಸಾಲು ಬೇಕು. ಆಸ್ತಿ ಹಂಚಿಕೆಗೆ ಒಪ್ಪಿದ್ದು ಬೇರೆ, ಡಿವೋರ್ಸಿಗೆ ಒಪ್ಪಿದ್ದು ಬೇರೆ ಅಂತ ನಾಳೆ ಯಾರಾದರೂ ವಾದಿಸಬಹುದು.

ಆ ಸಾಲು ಇದ್ದರೆ ಡಿಕ್ರಿ, ಒಪ್ಪಂದ ಎರಡರ ದೃಢೀಕೃತ ನಕಲನ್ನೂ ಕೋರ್ಟಿನಿಂದಲೇ ಪಡೆಯಿರಿ. ಅದಕ್ಕೆ ಆ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಲ್ಲಿ ಅಪೊಸ್ಟಿಲ್, ಅಂದರೆ ಸಹಿ, ಮೊಹರು ಅಸಲಿ ಎಂಬ ದೃಢೀಕರಣ ಮಾಡಿಸಿ. ಜೆರಾಕ್ಸ್ ತರಬೇಡಿ. ನರಸಿಂಹ ರಾವ್ ಪ್ರಕರಣದಲ್ಲೂ ತೀರ್ಪಿನ ಫೋಟೊ ಪ್ರತಿಯನ್ನು ಸಾಕ್ಷ್ಯವಾಗಿ ಒಪ್ಪಲಿಲ್ಲ.

ಆ ಸಾಲು ಇಲ್ಲದಿದ್ದರೆ, ಅಥವಾ ಇದ್ದೂ ನಿಮಗೆ ಅನುಮಾನವಿದ್ದರೆ, ನನ್ನ ಸಲಹೆ ಒಂದೇ. ಇಬ್ಬರೂ ಸೇರಿ ಮೈಸೂರಿನ ಕೌಟುಂಬಿಕ ನ್ಯಾಯಾಲಯದಲ್ಲಿ ಹಿಂದೂ ವಿವಾಹ ಕಾಯ್ದೆಯ 13ಬಿ ಸೆಕ್ಷನ್ನಿನಡಿ ಪರಸ್ಪರ ಒಪ್ಪಿಗೆಯ ಅರ್ಜಿ ಹಾಕಿ. ಮದುವೆ ನಡೆದ ಊರಿನ ಕೋರ್ಟಿಗೆ ಅಧಿಕಾರ ಇದ್ದೇ ಇದೆ. ಒಂದು ವರ್ಷ ಬೇರೆ ವಾಸವಿರಬೇಕು. ಅರ್ಜಿಯ ನಂತರದ ಆರು ತಿಂಗಳ ಕಾಯುವಿಕೆಯನ್ನು ಕೋರ್ಟ್ ಮನ್ನಾ ಮಾಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದಕ್ಕೆ ಅರ್ಜಿ ಹಾಕುವ ಹೊತ್ತಿಗೇ ಒಂದೂವರೆ ವರ್ಷ ಬೇರೆ ಇದ್ದಿರಬೇಕು, ರಾಜಿ ಪ್ರಯತ್ನಗಳು ವಿಫಲವಾಗಿರಬೇಕು, ಜೀವನಾಂಶ, ಮಕ್ಕಳ ವಿಷಯ ಎಲ್ಲ ಇತ್ಯರ್ಥ ಆಗಿರಬೇಕು. ಇಬ್ಬರೂ ವಿಮಾನ ಹತ್ತಲೇಬೇಕು ಅಂತಿಲ್ಲ. ಪವರ್ ಆಫ್ ಅಟಾರ್ನಿ ಕೊಟ್ಟು, ವಿಡಿಯೊ ಮೂಲಕ ಹೇಳಿಕೆ ಕೊಡಲು ಅನುಮತಿ ಕೇಳಬಹುದು. ಆ ಪವರ್ ಆಫ್ ಅಟಾರ್ನಿ ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಸ್ಟ್ಯಾಂಪ್ ಶುಲ್ಕ ಕಟ್ಟಿಸಿ. ಮನೆಯಲ್ಲಿ ಬೀರುವಿನೊಳಗೆ ಇಟ್ಟು ಮರೆತು, ಆಮೇಲೆ ದಂಡದ ಜೊತೆ ಓಡಾಡುವವರು ಜಾಸ್ತಿ.

ಅಮೆರಿಕದ ಡಿಕ್ರಿ ಇದೆ ಅನ್ನುವುದನ್ನು ಅರ್ಜಿಯಲ್ಲಿ ಬಚ್ಚಿಡಬೇಡಿ. 'ಅಲ್ಲಿ ಇಂಥ ದಿನ ಡಿಕ್ರಿ ಆಗಿದೆ, ಅದು ಇಲ್ಲಿ ಪ್ರಶ್ನೆಗೆ ಒಳಗಾಗಬಹುದಾದ್ದರಿಂದ ಇಲ್ಲೂ ಕೇಳುತ್ತಿದ್ದೇವೆ' ಅಂತ ನೇರವಾಗಿ ಬರೆಸಿ. ಹೆಂಡತಿ ಸಹಕರಿಸದಿದ್ದರೆ ದಾರಿ ಉದ್ದ. ನಿಮ್ಮ ವೈವಾಹಿಕ ಸ್ಥಿತಿ ಏನೆಂದು ಘೋಷಿಸಲು ಕೌಟುಂಬಿಕ ನ್ಯಾಯಾಲಯವನ್ನು ಕೇಳಬೇಕು, ಇಲ್ಲವೇ ಕ್ರೌರ್ಯ, ಪರಿತ್ಯಾಗದಂಥ ನಮ್ಮ ಕಾರಣದ ಮೇಲೆ ಹೊಸದಾಗಿ ಕೇಸು ಹಾಕಬೇಕು.

ಅಲ್ಲಿಯವರೆಗೆ ಹೆಣ್ಣು ನೋಡುವುದನ್ನು ನಿಲ್ಲಿಸಲು ಮನೆಯವರಿಗೆ ಹೇಳಿ. ಇದನ್ನು ನಾನು ಕಟುವಾಗಿಯೇ ಹೇಳುತ್ತೇನೆ. ಮೊದಲ ಮದುವೆ ಇಲ್ಲಿ ಜೀವಂತ ಇದ್ದರೆ ಎರಡನೆಯದು ಶೂನ್ಯ. ಭಾರತೀಯ ನ್ಯಾಯ ಸಂಹಿತೆಯ 82ನೇ ಸೆಕ್ಷನ್ನಿನಡಿ ಏಳು ವರ್ಷದವರೆಗೆ ಜೈಲು, ಹಿಂದಿನ ಮದುವೆ ಮುಚ್ಚಿಟ್ಟಿದ್ದರೆ ಹತ್ತು ವರ್ಷದವರೆಗೆ. ಅದಕ್ಕಿಂತ ಜಾಸ್ತಿ ನೋಯುವುದು ಏನೂ ಗೊತ್ತಿಲ್ಲದೆ ನಿಮ್ಮನ್ನು ಮದುವೆಯಾದ ಆ ಹುಡುಗಿ.

ಪ್ರಶ್ನೆ: ನಾವಿಬ್ಬರೂ ಈಗ ಬೇರೆ ದೇಶದ ಪ್ರಜೆಗಳು. ಇನ್ನು ಭಾರತದ ಕಾನೂನು ನಮಗ್ಯಾಕೆ?

ಪಾಸ್‌ಪೋರ್ಟ್ ಬದಲಾದರೆ ಎಲ್ಲ ಮುಗಿಯಿತು ಅಂತ ತಿಳಿಯಬೇಡಿ. 1989ರಲ್ಲಿ ಬೆಂಗಳೂರಿನಲ್ಲಿ ಮದುವೆಯಾದ ದಂಪತಿ ಸ್ವೀಡನ್ನಿನ ಪ್ರಜೆಗಳಾಗಿ, ಆಮೇಲೆ ಆಸ್ಟ್ರೇಲಿಯಾಕ್ಕೆ ಹೋಗಿದ್ದರು. ಅವರಿಗೆ ಹಿಂದೂ ವಿವಾಹ ಕಾಯ್ದೆ ಅನ್ವಯಿಸುತ್ತದೆ ಅಂತ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸ್ವೀಡನ್ ಬಿಟ್ಟಾಗಿತ್ತು, ಆಸ್ಟ್ರೇಲಿಯಾದಲ್ಲಿ ಕಾಯಂ ನೆಲೆ ಇನ್ನೂ ಆಗಿರಲಿಲ್ಲ. ಕಾಯಂ ನೆಲೆ ಎಲ್ಲಿ ಎಂಬುದನ್ನು ನಿಮ್ಮ ನಡತೆಯಿಂದ ಸಾಬೀತು ಮಾಡಬೇಕು.

ಪ್ರಶ್ನೆ: ನಮ್ಮದು ಲಂಡನ್ ಡಿವೋರ್ಸ್. ಇಂಗ್ಲೆಂಡ್ ಜೊತೆ ಒಪ್ಪಂದ ಇರುವುದರಿಂದ ಇಲ್ಲಿ ನೇರವಾಗಿ ರಿಜಿಸ್ಟರ್ ಮಾಡಿಸಿಕೊಡ್ತೀನಿ ಅಂತ ಏಜೆಂಟ್ ಒಬ್ಬರು ಹೇಳ್ತಿದ್ದಾರೆ.

ದುಡ್ಡು ಕೊಡಬೇಡಿ. ಅವರು ಹೇಳುತ್ತಿರುವ, ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಸೆಕ್ಷನ್ ಹಣ ವಸೂಲಿಯ ಡಿಕ್ರಿಗಳಿಗೆ ಮಾತ್ರ. ಇಂಗ್ಲೆಂಡಿನಲ್ಲಿ 2022ರ ಏಪ್ರಿಲ್ 6ರಿಂದ ತಪ್ಪು ತೋರಿಸದೆಯೇ ಡಿವೋರ್ಸ್ ಸಿಗುತ್ತದೆ, ಒಬ್ಬರೇ ಅರ್ಜಿ ಹಾಕಿದರೂ ಸಾಕು. ಇಲ್ಲಿ ಅದೇ ತೊಡಕು. ನೀವಿಬ್ಬರೂ ಜಂಟಿಯಾಗಿ ಅರ್ಜಿ ಹಾಕಿದ್ದರೆ ಒಪ್ಪಿಗೆಗೆ ಅದೇ ಒಳ್ಳೆಯ ಪುರಾವೆ.

ಪ್ರಶ್ನೆ: ಡಿಕ್ರಿಗೆ ಅಪೊಸ್ಟಿಲ್ ಮಾಡಿಸಿದರೆ ಇಲ್ಲಿ ಸಿಂಧು ಆಗುತ್ತಲ್ವಾ?

ಇಲ್ಲ. ಕಾಗದದ ಮೇಲಿನ ಸಹಿ, ಮೊಹರು ಅಸಲಿ ಅಂತ ಅಪೊಸ್ಟಿಲ್ ಹೇಳುತ್ತದೆ, ಅಷ್ಟೇ.

ಪ್ರಶ್ನೆ: ನಾನು ಜಗಳ ಆಗಿ ತವರಿಗೆ ಬಂದಿದ್ದೇನೆ. ಗಂಡ ಅಲ್ಲಿ ಕೇಸು ಹಾಕಿ ಸಮನ್ಸ್ ಕಳಿಸಿದ್ದಾರೆ. ಉತ್ತರ ಕೊಡದಿದ್ದರೆ ಅವರ ಡಿಕ್ರಿ ತಾನಾಗೇ ಬಿದ್ದುಹೋಗುತ್ತೆ ಅಂತ ಎಲ್ಲರೂ ಹೇಳ್ತಾರೆ.

ಆ 'ಎಲ್ಲರೂ' ನಿಮ್ಮ ಕೇಸು ನಡೆಸುವುದಿಲ್ಲ ತಾಯಿ. ಡಿಕ್ರಿ ಇಲ್ಲಿ ನಡೆಯದೇ ಹೋಗಬಹುದು, ಆದರೆ ಅಲ್ಲಿರುವ ಮನೆ, ಬ್ಯಾಂಕ್ ಖಾತೆ, ಮಕ್ಕಳ ಬಗ್ಗೆ ಆ ಕೋರ್ಟ್ ನೀವಿಲ್ಲದೆಯೇ ಆದೇಶ ಮಾಡಿಬಿಡುತ್ತದೆ. 'ನಿಮ್ಮ ಅಧಿಕಾರ ನಾನು ಒಪ್ಪುವುದಿಲ್ಲ, ಆಕ್ಷೇಪದೊಂದಿಗೆ ಈ ಉತ್ತರ ಕೊಡುತ್ತಿದ್ದೇನೆ' ಅಂತ ಬರೆದು ಗಡುವಿನೊಳಗೆ ಕಳಿಸಿ, ಕಳಿಸಿದ್ದಕ್ಕೆ ರಸೀದಿ ಇಟ್ಟುಕೊಳ್ಳಿ. ಅಂಥ ಉತ್ತರ ಕೊಟ್ಟ ಮಾತ್ರಕ್ಕೆ ಆ ಕೋರ್ಟಿಗೆ ಒಳಪಟ್ಟಂತಲ್ಲ ಅಂತ ನರಸಿಂಹ ರಾವ್ ತೀರ್ಪಿನಲ್ಲೇ ಇದೆ. ಅಲ್ಲಿನ ವಕೀಲರಿಗೆ ತೋರಿಸದೆ ಗಂಡ ಕಳಿಸಿದ ಯಾವ ಒಪ್ಪಂದಕ್ಕೂ ಸಹಿ ಹಾಕಬೇಡಿ. ಇಲ್ಲಿ ನೀವಿರುವ ಊರಿನ ಕೌಟುಂಬಿಕ ನ್ಯಾಯಾಲಯದಲ್ಲೇ ನೀವು ಅರ್ಜಿ ಹಾಕಬಹುದು, ಹಿಂದೂ ವಿವಾಹ ಕಾಯ್ದೆಯ 2003ರ ತಿದ್ದುಪಡಿ ಹೆಂಡತಿಗೆ ಆ ಅವಕಾಶ ಕೊಟ್ಟಿದೆ. ಸಮನ್ಸ್ ಬಂದ ಲಕೋಟೆಯನ್ನೂ ಎಸೆಯಬೇಡಿ, ಯಾವ ದಿನ ತಲುಪಿತು ಅನ್ನುವುದಕ್ಕೆ ಅದರ ಮೇಲಿನ ಮೊಹರು ಬೇಕಾಗುತ್ತದೆ.